ಬರೆಯುವ ಮೊದಲು ಪ್ರಶ್ನೆ ಓದುವುದು ಹೇಗೆ: 24 ಪದಗಳ ಜೊತೆ ಒಂದು ಭಾನುವಾರ

ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಮನೆ ಹುಡುಗಿ ಹನ್ನೆರಡನೇ ಕ್ಲಾಸಿನಲ್ಲಿದ್ದಾಳೆ. ಸೆಪ್ಟೆಂಬರ್‌ನ ಒಂದು ಭಾನುವಾರ ಬೆಳಗ್ಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. "ಆಂಟಿ, ಎಸ್ಸೆ ಮುಗಿದಿದೆ. ಸ್ಪೆಲಿಂಗ್ ಒಂದ್ಸಲ ನೋಡಿಬಿಡಿ" ಅಂದಳು. ಅಮೆರಿಕದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅಲ್ಲಿ ಎಂಟು ಪ್ರಶ್ನೆಗಳಿರುತ್ತವೆ, ನಾಲ್ಕನ್ನು ಆರಿಸಿಕೊಳ್ಳಬೇಕು, ಒಂದೊಂದಕ್ಕೂ ಹೆಚ್ಚೆಂದರೆ 350 ಪದ.

ಓದಿದೆ. ಇಂಗ್ಲಿಷ್ ಚೆನ್ನಾಗಿತ್ತು. ಶಾಲೆಯ ಹೆಡ್ ಗರ್ಲ್ ಆಗಿ ರಕ್ತದಾನ ಶಿಬಿರ ನಡೆಸಿದ ಕತೆ. ಬ್ಯಾನರ್, ಉದ್ಘಾಟನೆ, ಪ್ರಿನ್ಸಿಪಾಲರ ಮೆಚ್ಚುಗೆ, ಎಲ್ಲ ಇತ್ತು. ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಇರಲಿಲ್ಲ. ಅವಳಿಗೆ ಹಾಗೆ ಹೇಳಿದಾಗ ಮುಖ ಸಣ್ಣದಾಯಿತು. "ಲೀಡರ್‌ಶಿಪ್ ಬಗ್ಗೆ ಕೇಳಿದ್ದಾರೆ, ಲೀಡರ್‌ಶಿಪ್ ಬಗ್ಗೆನೇ ಬರೆದಿದ್ದೀನಲ್ಲ?"

ಹೆಚ್ಚಿನವರು ಎಡವುವುದು ಇಲ್ಲೇ. ಪ್ರಶ್ನೆಯಲ್ಲಿ ಒಂದು ದೊಡ್ಡ ಪದ ಕಣ್ಣಿಗೆ ಬೀಳುತ್ತದೆ. ಅದನ್ನೇ ವಿಷಯ ಅಂದುಕೊಂಡು, ಉಳಿದ 23 ಪದಗಳನ್ನು ದಾಟಿ ಹೋಗುತ್ತೇವೆ. ಆ ದಿನ ಬೆಳಗ್ಗೆ 10ರಿಂದ ಸಂಜೆಯವರೆಗೆ ನಾವಿಬ್ಬರೂ ಆ ಒಂದೇ ಪ್ರಶ್ನೆ ಹಿಡಿದು ಕೂತೆವು. ನಾವು ಮಾಡಿದ್ದನ್ನೇ ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ಪ್ರಶ್ನೆಯನ್ನು ಕೈಯಿಂದ ಕಾಗದದ ಮೇಲೆ ಬರೆದುಕೊಳ್ಳಿ

ಲ್ಯಾಪ್‌ಟಾಪ್ ಮುಚ್ಚಿಸಿದೆ. ಹಳೆಯ ಡ್ರಾಫ್ಟ್ ಎದುರಿಗಿದ್ದರೆ ಪ್ರಶ್ನೆಯಲ್ಲೂ ಆ ಡ್ರಾಫ್ಟಿಗೆ ಹೊಂದುವ ಪದಗಳು ಮಾತ್ರ ಕಾಣುತ್ತವೆ. ಒಂದು ಎ-ಫೋರ್ ಹಾಳೆಯಲ್ಲಿ, ಸಾಲುಗಳ ನಡುವೆ ಎರಡು ಬೆರಳು ಜಾಗ ಬಿಟ್ಟು, ಪ್ರಶ್ನೆಯನ್ನು ಹಾಗೇ ಬರೆಯಲು ಹೇಳಿದೆ. ಪ್ರಶ್ನೆ ಇದು, ಕನ್ನಡ ಅಕ್ಷರದಲ್ಲಿ ಕೊಡುತ್ತೇನೆ:

"ಡಿಸ್ಕ್ರೈಬ್ ಆ್ಯನ್ ಎಕ್ಸಾಂಪಲ್ ಆಫ್ ಯುವರ್ ಲೀಡರ್‌ಶಿಪ್ ಎಕ್ಸ್‌ಪೀರಿಯೆನ್ಸ್ ಇನ್ ವಿಚ್ ಯು ಹ್ಯಾವ್ ಪಾಸಿಟಿವ್ಲಿ ಇನ್‌ಫ್ಲುಯೆನ್ಸ್ಡ್ ಅದರ್ಸ್, ಹೆಲ್ಪ್ಡ್ ರಿಸಾಲ್ವ್ ಡಿಸ್ಪ್ಯೂಟ್ಸ್ ಆರ್ ಕಾಂಟ್ರಿಬ್ಯೂಟೆಡ್ ಟು ಗ್ರೂಪ್ ಎಫರ್ಟ್ಸ್ ಓವರ್ ಟೈಮ್."

ಎಣಿಸಿದರೆ 24 ಪದ. ಕೈಯಲ್ಲಿ ಬರೆಯುವಾಗ ಪದ ಹಾರಿಸುವುದು ಕಷ್ಟ. ಆದರೂ ಅವಳು ಕೊನೆಯ ಎರಡು ಪದ ಬಿಟ್ಟೇ ಬರೆದಿದ್ದಳು. ಮೂಲದ ಜೊತೆ ಹೋಲಿಸಿ ನೋಡಿದಾಗಲೇ ಗೊತ್ತಾಗಿದ್ದು. ಬಿಟ್ಟುಹೋದ ಆ ಎರಡು ಪದಗಳ ಮೇಲೇ ಇಡೀ ಪ್ರಶ್ನೆ ನಿಂತಿತ್ತು. ಅದಕ್ಕೆ ಮುಂದೆ ಬರುತ್ತೇನೆ.

ಹಂತ 2: ಏನು ಮಾಡು ಅಂತ ಹೇಳಿದ್ದಾರೆ, ನೋಡಿ

ಹಾಳೆಯಲ್ಲಿ ಮೊದಲು ಗುರುತು ಹಾಕಬೇಕಾದದ್ದು ಆಜ್ಞೆಯ ಪದ. ಇಲ್ಲಿ ಅದು "ಡಿಸ್ಕ್ರೈಬ್". ಕನ್ನಡದಲ್ಲಿ ಯೋಚಿಸುವ ನಮಗೆ ಇಲ್ಲೊಂದು ತೊಡಕಿದೆ. ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ಡಿಸ್ಕ್ರೈಬ್ ಅಂದರೂ "ವಿವರಿಸಿ", ಎಕ್ಸ್‌ಪ್ಲೇನ್ ಅಂದರೂ "ವಿವರಿಸಿ". ಎರಡನ್ನೂ ಒಂದೇ ಅಂದುಕೊಂಡು ಬೆಳೆದಿದ್ದೇವೆ. ಆದರೆ ಕೇಳುವವರ ಮನಸ್ಸಿನಲ್ಲಿ ಅವು ಬೇರೆ ಬೇರೆ. ನಾನು ಮನೆಮಾತಿನಲ್ಲಿ ಹೀಗೆ ಒಡೆದು ಹೇಳಿಕೊಡುತ್ತೇನೆ. ಡಿಸ್ಕ್ರೈಬ್ ಅಂದರೆ "ಏನಾಯ್ತು, ಹೇಗಿತ್ತು, ಕಣ್ಣಿಗೆ ಕಟ್ಟೋ ಹಾಗೆ ಹೇಳು". ಎಕ್ಸ್‌ಪ್ಲೇನ್ ಅಂದರೆ "ಯಾಕೆ ಹಾಗಾಯ್ತು, ಹೇಳು". ಡಿಸ್ಕಸ್ ಅಂದರೆ "ಆ ಕಡೆ ಈ ಕಡೆ ಎರಡೂ ನೋಡಿ ಹೇಳು". ರಿಫ್ಲೆಕ್ಟ್ ಅಂದರೆ "ಈಗ ತಿರುಗಿ ನೋಡಿದರೆ ನಿನಗೆ ಏನನ್ನಿಸುತ್ತದೆ, ಹೇಳು".

ಅವಳ ಡ್ರಾಫ್ಟಿನ ಮೊದಲ ಪ್ಯಾರಾ ಪೂರ್ತಿ ಲೀಡರ್‌ಶಿಪ್ ಎಂದರೇನು ಅನ್ನುವ ಮಾತು. ಅದನ್ನು ಯಾರೂ ಕೇಳಿಲ್ಲ. 350ರಲ್ಲಿ 70 ಪದ ಅಲ್ಲೇ ಕರಗಿಹೋಗಿತ್ತು. ಡಿಸ್ಕ್ರೈಬ್ ಅಂತ ಕೇಳಿದ ಕಡೆ ವ್ಯಾಖ್ಯಾನ ಬರೆದರೆ ಓದುವವರು ಉತ್ತರಕ್ಕಾಗಿ ಕಾಯುತ್ತಲೇ ಇರುತ್ತಾರೆ.

ಹಂತ 3: ಚಿಕ್ಕ ಪದಗಳಿಗೆ ಜಾಸ್ತಿ ಸಮಯ ಕೊಡಿ

ಈ ಹಂತಕ್ಕೆ ನಮಗೆ ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಕೊಡಲೇಬೇಕು ಅಂತ ನನ್ನ ಅಭಿಪ್ರಾಯ. ಪ್ರಶ್ನೆಯ ಲೆಕ್ಕಾಚಾರವೆಲ್ಲ ಇರುವುದು ದೊಡ್ಡ ಪದಗಳಲ್ಲಿ ಅಲ್ಲ, "ಆ್ಯನ್", "ಆರ್", "ಆ್ಯಂಡ್" ಇಂಥ ಪುಟ್ಟ ಪದಗಳಲ್ಲಿ.

ಮೊದಲು "ಆ್ಯನ್ ಎಕ್ಸಾಂಪಲ್". ಕನ್ನಡದಲ್ಲಿ ಇಂಗ್ಲಿಷಿನ ಹಾಗೆ ನಾಮಪದದ ಮುಂದೆ ಇಂಥ ಪುಟ್ಟ ಪದ ಬರುವುದಿಲ್ಲ. ಹಾಗಾಗಿ ಓದುವಾಗ ನಮ್ಮ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ಆದರೆ ಅದರ ಅರ್ಥ ಸ್ಪಷ್ಟ: ಒಂದು ಉದಾಹರಣೆ. ಹೆಡ್ ಗರ್ಲ್, ಡಿಬೇಟ್ ತಂಡ, ರಕ್ತದಾನ, ಕ್ರೀಡಾದಿನ ಅಂತ ನಾಲ್ಕನ್ನೂ ಪೋಣಿಸಿದರೆ ಅದು ಪಟ್ಟಿಯಾಗುತ್ತದೆ. ಪಟ್ಟಿ ಹಾಕಲು ಅದೇ ಅರ್ಜಿಯಲ್ಲಿ ಚಟುವಟಿಕೆ, ಪ್ರಶಸ್ತಿಗಳ ವಿಭಾಗ ಬೇರೆಯೇ ಇದೆ.

ಆಮೇಲೆ "ಆರ್". ಪ್ರಶ್ನೆ ಮೂರು ದಾರಿ ಕೊಟ್ಟಿದೆ. ಬೇರೆಯವರ ಮೇಲೆ ಒಳ್ಳೆಯ ಪರಿಣಾಮ ಆಗಿರಬೇಕು, ಅಥವಾ ಜಗಳ ಬಗೆಹರಿಸಲು ನೆರವಾಗಿರಬೇಕು, ಅಥವಾ ಗುಂಪಿನ ಕೆಲಸಕ್ಕೆ ಕೈ ಹಾಕಿರಬೇಕು. ಮೂರರಲ್ಲಿ ಒಂದಿದ್ದರೆ ಸಾಕು. ಅವಳು ಮೂರನ್ನೂ ತುಂಬಿಸಬೇಕು ಅಂದುಕೊಂಡಿದ್ದಳು. ಅದಕ್ಕೇ ಶಿಬಿರದ ಕತೆಯಲ್ಲಿ ಇಬ್ಬರು ಗೆಳತಿಯರ ಜಗಳವನ್ನೂ ಒಂದು ಸಾಲಿನಲ್ಲಿ ತುರುಕಿದ್ದಳು. ಅದು ಹೊಂದಿರಲಿಲ್ಲ.

"ಆರ್" ಬದಲು "ಆ್ಯಂಡ್" ಇದ್ದರೆ ಎಲ್ಲ ಬದಲಾಗುತ್ತದೆ. ಅದೇ ಅರ್ಜಿಯ ಇನ್ನೊಂದು ಪ್ರಶ್ನೆ ನೋಡಿ. ನೀವು ಎದುರಿಸಿದ ಅತಿ ದೊಡ್ಡ ಸವಾಲು ಯಾವುದು, ಮತ್ತು ಅದನ್ನು ದಾಟಲು ನೀವು ಇಟ್ಟ ಹೆಜ್ಜೆಗಳೇನು, ಹೇಳಿ. ಆ ಸವಾಲಿನಿಂದ ನಿಮ್ಮ ಓದಿನ ಸಾಧನೆ ಮೇಲೆ ಏನು ಪರಿಣಾಮ ಆಯಿತು? ಇಲ್ಲಿ ಆಯ್ಕೆಯೇ ಇಲ್ಲ. ಸವಾಲು, ಹೆಜ್ಜೆ, ಓದು, ಮೂರಕ್ಕೂ ಉತ್ತರ ಬೇಕು. ನಾನು ನೋಡಿದ ಡ್ರಾಫ್ಟುಗಳಲ್ಲಿ ಹೆಚ್ಚಿನವು 300 ಪದವನ್ನು ಕಷ್ಟ ಹೇಳಿಕೊಳ್ಳಲು ಬಳಸಿ, ಓದಿನ ವಿಷಯಕ್ಕೆ ಒಂದು ಸಾಲು ಬಿಟ್ಟಿರುತ್ತವೆ. ತಂದೆಯ ಕಾಯಿಲೆಯಿಂದ ಮನೆ ನಲುಗಿದ ಕತೆ ಓದಿದರೆ ಯಾರಿಗೂ ಕರುಳು ಚುರುಕ್ ಅನ್ನುತ್ತದೆ. ಆದರೆ ಆ ವರ್ಷ ನಿನ್ನ ಗಣಿತದ ಅಂಕ ಏನಾಯಿತು, ಆಮೇಲೆ ಹೇಗೆ ಸರಿಮಾಡಿಕೊಂಡೆ ಅನ್ನುವುದು ಅಲ್ಲಿ ಇಲ್ಲದಿದ್ದರೆ ಪ್ರಶ್ನೆಯ ಮೂರನೇ ಒಂದು ಭಾಗ ಖಾಲಿ ಬಿಟ್ಟ ಹಾಗೆ. ಪ್ರಶ್ನಾರ್ಥಕ ಚಿಹ್ನೆ ಇರುವುದು ಆ ಕೊನೆಯ ವಾಕ್ಯಕ್ಕೇ.

ಈಗ ಬಿಟ್ಟುಹೋಗಿದ್ದ "ಓವರ್ ಟೈಮ್". ಮೊದಲ ಸಲ ಕೇಳಿದಾಗ ಅವಳ ಅಪ್ಪ ಫ್ಯಾಕ್ಟರಿಯ ಓವರ್‌ಟೈಮ್ ಅಂದುಕೊಂಡರು. ಹಾಗಲ್ಲ, ಇದು ಎರಡು ಬಿಡಿ ಪದ. ಕಾಲ ಕಳೆದಂತೆ, ಒಂದಷ್ಟು ದಿನ ಬಿಡದೆ, ಅಂತ ಅರ್ಥ. ಇಲ್ಲಿ ಒಂದು ನಿಜವಾದ ಅನುಮಾನ ಬರುತ್ತದೆ. ಈ ಎರಡು ಪದ ಕೊನೆಯ "ಗುಂಪಿನ ಕೆಲಸ"ಕ್ಕೆ ಮಾತ್ರ ಸೇರಿದ್ದೋ, ಮೂರಕ್ಕೂ ಸೇರಿದ್ದೋ? ವ್ಯಾಕರಣದಿಂದ ಎರಡೂ ಸಾಧ್ಯ. ಇಂಥ ಕಡೆ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಎರಡು ಓದು ಸಾಧ್ಯವಿದ್ದರೆ, ಎರಡಕ್ಕೂ ಸರಿಹೋಗುವ ಕತೆಯನ್ನೇ ಆರಿಸಬೇಕು. ಹಲವು ದಿನ ನಡೆದ ಕತೆ ಹೇಗೆ ಓದಿದರೂ ಸರಿ. ಒಂದು ದಿನದ ಕತೆ ಒಂದು ಓದಿಗೆ ಮಾತ್ರ ಸರಿ. ರಕ್ತದಾನ ಶಿಬಿರ ನಡೆದದ್ದು ಒಂದೇ ಶನಿವಾರ.

ಹಂತ 4: ಮನೆಯವರಿಗೆ ಕನ್ನಡದಲ್ಲಿ ಹೇಳಿ

ಇದು ಎರಡು ಭಾಷೆ ಗೊತ್ತಿರುವ ನಮಗೆ ಸಿಕ್ಕ ಅನುಕೂಲ. ಇಂಗ್ಲಿಷಿನಲ್ಲಿ ಓದಿದ ಪ್ರಶ್ನೆ ನಿಜವಾಗಿ ಅರ್ಥವಾಗಿದೆಯೋ ಇಲ್ಲವೋ ಗೊತ್ತಾಗಬೇಕಾದರೆ ಅದನ್ನು ಮನೆಮಾತಿನಲ್ಲಿ, ಇಂಗ್ಲಿಷ್ ಬಾರದ ಒಬ್ಬರಿಗೆ ಹೇಳಿ. ಗ್ರಂಥದ ಪದ ಬಳಸಬೇಡಿ. ಲೀಡರ್‌ಶಿಪ್ ಅಂದ ಕೂಡಲೇ "ನಾಯಕತ್ವ" ಅಂದರೆ ತಲೆಯಲ್ಲಿ ವೇದಿಕೆ, ಮೈಕು, ಹಾರ ಬರುತ್ತವೆ. ಆ ಚಿತ್ರವೇ ಅವಳನ್ನು ಹೆಡ್ ಗರ್ಲ್ ಕತೆಗೆ ಎಳೆದುಕೊಂಡು ಹೋಗಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಅಜ್ಜಿ ಬಂದರು. ಗದಗದ ಕಡೆಯವರು, ಮಗನ ಮನೆಯಲ್ಲಿರುತ್ತಾರೆ. ಹುಡುಗಿ ತಡವರಿಸುತ್ತ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದಳು. ಅಜ್ಜಿ ಕೇಳಿಕೊಂಡು, ಒಂದು ನಿಮಿಷ ಸುಮ್ಮನಿದ್ದು ಅಂದರು:

"ಅಂದ್ರ, ನೀ ಮುಂದ ನಿಂತು ಮಾಡಿದ್ದರಿಂದ ಯಾರಿಗರೆ ಏನರೆ ಛಲೋ ಆಗೇತೇನು ಅಂತ ಕೇಳ್ಯಾರ. ಅದೂ ಒಂದಿನಾ ಮಾಡಿ ಬಿಟ್ಟಿದ್ದಲ್ಲ, ಭಾಳ ದಿನಾ ಹಿಡದು ಮಾಡಿದ್ದು. ಮತ್ತ ಆ ನೀರಿನ ಜಗಳಾ ಬಿಡಿಸಿದಿ ಅಲ್ಲ, ಅದನ್ಯಾಕ ಬರ್ದಿಲ್ಲ?"

ಹುಡುಗಿ ನನ್ನ ಮುಖ ನೋಡಿದಳು. ಅದು ಲೀಡರ್‌ಶಿಪ್ ಅಂತ ಅವಳಿಗೆ ಹೊಳೆದೇ ಇರಲಿಲ್ಲ.

ಹಂತ 5: ಕೇಳುವವರು ಯಾರು, ಯಾಕೆ ಕೇಳುತ್ತಾರೆ

ಪ್ರಶ್ನೆಯ ಹಿಂದಿನ ಪ್ರಶ್ನೆ ಹುಡುಕಲು ಊಹೆ ಬೇಡ. ಅವರೇ ಬರೆದಿಟ್ಟಿರುವ ಮಾತುಗಳನ್ನು ಓದಿದರೆ ಸಾಕು. ಈ ವಿಶ್ವವಿದ್ಯಾಲಯ ಪ್ರತಿ ಪ್ರಶ್ನೆಯ ಕೆಳಗೆ "ಗಮನಿಸಬೇಕಾದ ಅಂಶಗಳು" ಅಂತ ಒಂದು ಚಿಕ್ಕ ಪ್ಯಾರಾ ಕೊಡುತ್ತದೆ. ಹೆಚ್ಚಿನ ಮಕ್ಕಳು ಅದನ್ನು ಓದುವುದೇ ಇಲ್ಲ. ಈ ಪ್ರಶ್ನೆಯ ಕೆಳಗೆ, ಹುದ್ದೆ ಇದ್ದರೆ ಮಾತ್ರ ನಾಯಕತ್ವ ಅಲ್ಲ, ಅದು ಶಾಲೆಗೇ ಸೀಮಿತವಾಗಬೇಕಿಲ್ಲ, ಮನೆಯವರನ್ನು ನೋಡಿಕೊಳ್ಳುವುದೂ ಇದರಲ್ಲಿ ಬರಬಹುದು ಅನ್ನುವ ಅರ್ಥದ ಮಾತಿದೆ. ಅಜ್ಜಿ ಹೇಳಿದ್ದನ್ನು ಸಮಿತಿಯೂ ಹೇಳಿತ್ತು.

ಇನ್ನೆರಡು ಸಂಗತಿ ಗೊತ್ತಿದ್ದರೆ ಓದು ಇನ್ನೂ ತಿಳಿಯಾಗುತ್ತದೆ. ಈ ವಿಶ್ವವಿದ್ಯಾಲಯ ಪ್ರವೇಶಕ್ಕೆ ಎಸ್‌ಎಟಿ ಪರೀಕ್ಷೆಯ ಅಂಕ ನೋಡುವುದಿಲ್ಲ. ಶಿಕ್ಷಕರ ಶಿಫಾರಸು ಪತ್ರವನ್ನೂ ಸಾಮಾನ್ಯವಾಗಿ ಕೇಳುವುದಿಲ್ಲ. ಅಂದರೆ ನೀವು ಬೇರೆಯವರ ಜೊತೆ ಹೇಗೆ ಬಾಳುತ್ತೀರಿ ಅಂತ ಹೇಳಲು ಬೇರೆ ಯಾರೂ ಇಲ್ಲ. ಆ ಕೆಲಸ ಈ ಉತ್ತರಗಳ ಮೇಲೇ ಬೀಳುತ್ತದೆ. ಅವರು ಇವನ್ನು ಪ್ರಬಂಧ ಅಂತಲೂ ಕರೆಯುವುದಿಲ್ಲ, "ಪರ್ಸನಲ್ ಇನ್‌ಸೈಟ್ ಕ್ವೆಶ್ಚನ್ಸ್" ಅನ್ನುತ್ತಾರೆ. ಆ ಹೆಸರೂ ಒಂದು ಸುಳಿವು. ಎದುರಿಗೆ ಕೂತು ಕೇಳಿದರೆ ನೀವು ನೇರವಾಗಿ ಹೇಳುವ ಉತ್ತರ ಅವರಿಗೆ ಬೇಕು, ಮಳೆಹನಿಯಿಂದ ಶುರುವಾಗುವ ಕಾವ್ಯ ಬೇಡ. ಇನ್ನೊಂದು ಮಾತು. ಬರ್ಕ್ಲಿಯೇ ಇರಲಿ, ಸ್ಯಾನ್ ಡಿಯಾಗೋ ಇರಲಿ, ಅದೇ ನಾಲ್ಕು ಉತ್ತರ ನೀವು ಆರಿಸಿದ ಎಲ್ಲ ಕ್ಯಾಂಪಸ್‌ಗೂ ಹೋಗುತ್ತದೆ. ಹಾಗಾಗಿ ಒಂದು ಕ್ಯಾಂಪಸ್ಸನ್ನು ಹೊಗಳುವ ಸಾಲಿಗೆ ಇಲ್ಲಿ ಜಾಗ ಇಲ್ಲ.

ಹಣ ಕೊಡುವ ಸಮಿತಿಯಾದರೆ ಓದುವ ರೀತಿ ಸ್ವಲ್ಪ ಬದಲಾಗಬೇಕು. ಅಲ್ಲಿ ಮೊದಲು ನೋಡಬೇಕಾದದ್ದು ಹಣ ಎಲ್ಲಿಂದ ಬರುತ್ತದೆ, ಪ್ರತಿಯಾಗಿ ಏನು ಬಯಸುತ್ತಾರೆ ಅನ್ನುವುದು. ಚೀವ್ನಿಂಗ್ ವಿದ್ಯಾರ್ಥಿವೇತನ ತಗೊಳ್ಳಿ. 1983ರಲ್ಲಿ ಶುರುವಾದದ್ದು, ಬ್ರಿಟನ್ ಸರ್ಕಾರದ್ದು, ಒಂದು ವರ್ಷದ ಮಾಸ್ಟರ್ಸ್‌ಗೆ ಕೊಡುತ್ತಾರೆ. ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ತಾಯ್ನಾಡಿಗೆ ಮರಳಿರಬೇಕು ಅನ್ನುವ ಷರತ್ತಿದೆ. ಆ ಷರತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ವೃತ್ತಿ ಯೋಜನೆಯ ಪ್ರಶ್ನೆ ಓದಿದರೆ, ನಿಮ್ಮ ಯೋಜನೆ ಯಾವ ಊರಿನಲ್ಲಿ ನಡೆಯಬೇಕು ಅನ್ನುವುದು ಕೇಳದೆಯೇ ತಿಳಿಯುತ್ತದೆ. ಲಂಡನ್ನಿನಲ್ಲಿ ಕೆಲಸ ಮಾಡುವ ಕನಸು ಎಷ್ಟೇ ಚೆಂದ ಬರೆದರೂ ಅದು ಈ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಪುಣೆಯ ಯಾವ ಕೆಲಸಕ್ಕೆ ಮರಳುತ್ತೀರಿ, ಮೊದಲ ಎರಡು ವರ್ಷ ಏನು ಮಾಡುತ್ತೀರಿ ಅನ್ನುವುದು ಉತ್ತರ.

ಈ ಹಂತದಲ್ಲಿ ನಾನೂ ಒಮ್ಮೆ ಸೋತಿದ್ದೇನೆ. ಬಹಳ ವರ್ಷದ ಹಿಂದೆ ಒಂದು ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೆ. ಈ ಕೋರ್ಸು ನಿಮಗೆ ಈಗ ಯಾಕೆ ಬೇಕು ಅಂತ ಕೇಳಿದ್ದರು. ನಾನು ಎರಡು ಪುಟ ಆ ಕೋರ್ಸು ಎಷ್ಟು ಒಳ್ಳೆಯದು ಅಂತ ಬರೆದೆ. "ನಿಮಗೆ" ಅನ್ನುವುದನ್ನೂ ನೋಡಲಿಲ್ಲ, "ಈಗ" ಅನ್ನುವುದನ್ನೂ ನೋಡಲಿಲ್ಲ. ಸಂದರ್ಶನದಲ್ಲಿ ಒಬ್ಬ ಹಿರಿಯರು ನನ್ನ ಹಾಳೆ ತಿರುಗಿಸಿ, "ಇದನ್ನು ಎರಡು ವರ್ಷ ಬಿಟ್ಟು ಓದಿದರೆ ಏನು ನಷ್ಟ?" ಅಂತ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ನನಗೆ ವೇತನ ಸಿಗಲಿಲ್ಲ. ಅಂದಿನಿಂದ ಕಾಲ ಸೂಚಿಸುವ ಪದ ಎಲ್ಲಿ ಕಂಡರೂ ಅದರ ಸುತ್ತ ಒಂದು ಗೆರೆ ಹಾಕುತ್ತೇನೆ.

ಹಂತ 6: ಕತೆಗಳನ್ನು ಪ್ರಶ್ನೆಯ ಎದುರು ಇಟ್ಟು ತೂಗಿ

ಈಗ ಹಾಳೆಯ ಎಡಬದಿಯಲ್ಲಿ ಪ್ರಶ್ನೆ ಕೇಳಿದ್ದನ್ನು ಒಂದರ ಕೆಳಗೆ ಒಂದು ಬರೆದೆವು. ಒಂದೇ ಕತೆ. ಮುಂದೆ ನಿಂತವಳು ನಾನು. ಬದಲಾದವರು ಬೇರೆಯವರು. ಹಲವು ದಿನ ನಡೆದದ್ದು. ನಾಲ್ಕೇ ಸಾಲು. ಬಲಬದಿಯಲ್ಲಿ ಒಂದೊಂದು ಕತೆಗೆ ಒಂದೊಂದು ಅಂಕಣ ಎಳೆದು, ಪ್ರತಿ ಮನೆಯಲ್ಲೂ ಟಿಕ್ ಹಾಕುವ ಬದಲು ಒಂದು ಸಾಕ್ಷಿ ಬರೆಯಬೇಕು ಅಂತ ಹೇಳಿದೆ. ಟಿಕ್ ಹಾಕುವಾಗ ಮನಸ್ಸು ಧಾರಾಳವಾಗುತ್ತದೆ. ಸಾಕ್ಷಿ ಬರೆ ಅಂದರೆ ಇಲ್ಲದ್ದು ಇಲ್ಲ ಅಂತ ತಾನೇ ಗೊತ್ತಾಗುತ್ತದೆ.

ರಕ್ತದಾನದ ಅಂಕಣದಲ್ಲಿ ಮೊದಲೆರಡು ಮನೆ ತುಂಬಿದವು. "ಬದಲಾದವರು ಬೇರೆಯವರು" ಅನ್ನುವಲ್ಲಿ ಪೆನ್ನು ನಿಂತಿತು. ರಕ್ತ ಕೊಟ್ಟವರು ಅವಳು ಹೇಳಿದ್ದಕ್ಕೆ ಬಂದವರೋ, ಪ್ರತಿ ವರ್ಷ ಬರುವವರೋ? ಪ್ರತಿ ವರ್ಷ ಬರುವವರೇ. ಹಳೆಯ ಡ್ರಾಫ್ಟ್ ತೆಗೆದು ನೋಡಿದೆವು. "ನಾನು" ಅನ್ನುವ ಪದ 19 ಸಲ ಇತ್ತು. ಬೇರೆ ಒಬ್ಬ ಮನುಷ್ಯನೂ ಅಲ್ಲಿ ಏನನ್ನೂ ಮಾಡಿರಲಿಲ್ಲ. ಪ್ರಶ್ನೆಯಲ್ಲಿ "ಅದರ್ಸ್" ಅಂತ ಇರುವಾಗ ಉತ್ತರದಲ್ಲೂ ಆ ಬೇರೆಯವರು ನಡೆದಾಡಬೇಕು, ಮಾತಾಡಬೇಕು, ಮೊದಲು ಒಂದು ರೀತಿ ಇದ್ದು ಆಮೇಲೆ ಇನ್ನೊಂದು ರೀತಿ ಆಗಬೇಕು.

ಇನ್ನು ನೀರಿನ ಕತೆ. ನಮ್ಮ ಬಿಲ್ಡಿಂಗ್‌ಗೆ ನಾಲ್ಕು ಮಹಡಿ, ನಮ್ಮ ವಿಂಗ್‌ನಲ್ಲಿ 16 ಮನೆ. ಬೇಸಿಗೆಯಲ್ಲಿ ನೀರು ಬೆಳಗಿನ ಜಾವ ಒಂದು ಗಂಟೆ ಹೊತ್ತು ಬರುತ್ತದೆ. ಪಂಪ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸಿದರೂ ಎಂಟು ಗಂಟೆಗೆ ಖಾಲಿ. ಕೆಳಗಿನವರು ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ ಅಂತ ಮೇಲಿನವರ ದೂರು. ಮೇಲಿನವರೇ ಪೋಲು ಮಾಡುತ್ತಾರೆ ಅಂತ ಕೆಳಗಿನವರ ದೂರು. ದಿನಾ ಲಿಫ್ಟ್ ಎದುರು ಮರಾಠಿ, ಗುಜರಾತಿ, ಕನ್ನಡ ಮೂರರಲ್ಲೂ ಜಗಳ. ಈ ಹುಡುಗಿ ಮಾರ್ಚ್ ಕೊನೆಯಲ್ಲಿ ಒಂದು ಉದ್ದ ಕೋಲು ತಗೊಂಡು ತಾರಸಿಗೆ ಹೋಗಿ ಬೆಳಗ್ಗೆ ಮೂರು ಸಲ ನೀರಿನ ಮಟ್ಟ ಅಳೆಯಲು ಶುರುಮಾಡಿದಳು. ಎರಡು ವಾರದ ಲೆಕ್ಕದಲ್ಲಿ ಗೊತ್ತಾಗಿದ್ದು ಇಷ್ಟು: ಆರೂವರೆಯಿಂದ ಏಳರ ನಡುವೆ ಎಲ್ಲರ ವಾಷಿಂಗ್ ಮೆಷಿನ್ ಒಟ್ಟಿಗೆ ಓಡುತ್ತವೆ, ನೀರು ಇಳಿಯುವುದು ಆಗಲೇ. ಆ ಲೆಕ್ಕವನ್ನು ಲಿಫ್ಟ್ ಪಕ್ಕ ಅಂಟಿಸಿದಳು. ಮೆಷಿನ್ ಹಾಕಲು ದಿನ ಬಿಟ್ಟು ದಿನ ಸರದಿ ಮಾಡೋಣ ಅಂತ ಮನೆ ಮನೆಗೆ ಹೋಗಿ ಕೇಳಿದಳು. ಕೆಳಮಹಡಿಯ ಒಬ್ಬ ಕಾಕಾ ಮೂರು ವಾರ ಒಪ್ಪಲಿಲ್ಲ. ಆಮೇಲೆ ಅವರೇ ಹಾಳೆಯಲ್ಲಿ ತಮ್ಮ ದಿನ ಬರೆದರು. ಜೂನ್‌ನಲ್ಲಿ ಮಳೆ ಹಿಡಿಯುವವರೆಗೂ ಸರದಿ ನಡೆಯಿತು.

ನಾಲ್ಕೂ ಮನೆ ತುಂಬಿದವು. ಮೂರನೆಯದಕ್ಕೆ ಕಾಕಾ ಸಾಕ್ಷಿ, ನಾಲ್ಕನೆಯದಕ್ಕೆ ಮಾರ್ಚ್‌ನಿಂದ ಜೂನ್.

ಮೂರನೆಯ ಕತೆಯೂ ಒಂದಿತ್ತು, ತಮ್ಮನಿಗೆ ಗಣಿತ ಹೇಳಿಕೊಟ್ಟದ್ದು. ಅದೂ ಪ್ರಶ್ನೆಗೆ ಹೊಂದುತ್ತಿತ್ತು. ಆದರೆ ಅದನ್ನು ಅವಳು ಓದಿನ ಬಗ್ಗೆ ಇರುವ ಇನ್ನೊಂದು ಪ್ರಶ್ನೆಗೆ ಬಳಸುವವಳಿದ್ದಳು. ನಾಲ್ಕು ಪ್ರಶ್ನೆ ಆರಿಸುವಾಗ ಹೀಗೆ ಒಟ್ಟಿಗೆ ಹರಡಿಕೊಂಡು ನೋಡಬೇಕು. ಎಲ್ಲಕ್ಕೂ ಸಮಾನ ತೂಕ, ಇಂಥದ್ದನ್ನು ಆರಿಸಿದರೆ ಲಾಭ ಅಂತೇನಿಲ್ಲ. ಒಂದೇ ಕತೆ ಎರಡು ಕಡೆ ಬಂದರೆ ನಿಮ್ಮ 350 ಪದ ನೀವೇ ಕಳೆದುಕೊಂಡ ಹಾಗೆ.

ಹಂತ 7: ಒಂದು ವಾಕ್ಯದಲ್ಲಿ ಉತ್ತರ, ಆಮೇಲೆ ತಲೆಕೆಳಗು ಪರೀಕ್ಷೆ

ಡ್ರಾಫ್ಟಿಗೆ ಕೈ ಹಾಕುವ ಮೊದಲು ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ ಬರೆಯಬೇಕು. ಅವಳು ಮೂರು ಸಲ ಹೊಡೆದುಹಾಕಿ ಕೊನೆಗೆ ಬರೆದದ್ದು: "ಮೂರು ತಿಂಗಳು ದಿನಾ ಟ್ಯಾಂಕಿನ ನೀರು ಅಳೆದು, ಲೆಕ್ಕವನ್ನು ಎಲ್ಲರ ಮುಂದಿಟ್ಟು, ಮೆಷಿನ್ ಸರದಿಗೆ ಒಪ್ಪಿಸಿದ್ದರಿಂದ ನಮ್ಮ ವಿಂಗ್‌ನ 16 ಮನೆಗಳ ಬೆಳಗಿನ ಜಗಳ ನಿಂತಿತು."

ಈ ವಾಕ್ಯ ಸರಿಯಾಗಿದೆಯಾ ಅಂತ ನೋಡಲು ನಾನು ಮಾಡುವ ಪರೀಕ್ಷೆ ಸರಳ. ಪ್ರಶ್ನೆ ಓದಿರದ ಒಬ್ಬರಿಗೆ ಈ ವಾಕ್ಯ ಮಾತ್ರ ಓದಿ ಹೇಳಿ, "ಇದಕ್ಕೆ ಪ್ರಶ್ನೆ ಏನಿರಬಹುದು?" ಅಂತ ಕೇಳುವುದು. ಅವಳ ತಮ್ಮನನ್ನು ಕರೆದೆವು. ಅವನು, "ಬಿಲ್ಡಿಂಗ್‌ನಲ್ಲಿ ಜಗಳ ಹೇಗೆ ನಿಲ್ಲಿಸಿದೆ ಅಂತ ಕೇಳಿದ್ದಾರೆ" ಅಂದ. ಸಾಕು. ಅದಕ್ಕೂ ಮೊದಲು ಹಳೆಯ ಡ್ರಾಫ್ಟಿನ ಸಾರ ಹೇಳಿದ್ದಾಗ ಅವನು, "ಅಕ್ಕನ ಸ್ಕೂಲಲ್ಲಿ ಯಾವ ಕಾರ್ಯಕ್ರಮ ಆಯ್ತು ಅಂತ" ಅಂದಿದ್ದ. ಎರಡರ ನಡುವಿನ ದೂರ ಅವಳಿಗೆ ನನ್ನ ವಿವರಣೆಗಿಂತ ಚೆನ್ನಾಗಿ ತಿಳಿಯಿತು.

ಇನ್ನೊಂದು ಲಕ್ಷಣವನ್ನೂ ನೋಡಿಕೊಳ್ಳಿ. ನಿಮ್ಮ ಉತ್ತರವನ್ನು ಹಾಗೇ ಎತ್ತಿ ಬೇರೆ ಕಾಲೇಜಿನ ಬೇರೆ ಪ್ರಶ್ನೆಯ ಕೆಳಗೆ ಇಟ್ಟರೂ ಹೊಂದುತ್ತದೆ ಅಂತಾದರೆ ಅದು ಈ ಪ್ರಶ್ನೆಯನ್ನು ಓದಿ ಬರೆದದ್ದಲ್ಲ. ಹಳೆಯ ಪ್ರಬಂಧಕ್ಕೆ ಹೊಸ ಮೊದಲ ಸಾಲು ಅಂಟಿಸಿದಾಗ ಹೀಗಾಗುತ್ತದೆ. ಪ್ರಶ್ನೆಯ ಪದಗಳನ್ನೇ ಮೊದಲ ವಾಕ್ಯದಲ್ಲಿ ಮತ್ತೆ ಹೇಳಿದ್ದರೆ ಕೂಡ ಅನುಮಾನ ಪಡಿ. ಒಳಗೆ ಉತ್ತರ ಇಲ್ಲದಾಗ ಬಾಗಿಲಲ್ಲಿ ಬೋರ್ಡು ಹಾಕುವ ಅಭ್ಯಾಸ ಅದು.

ಇದಕ್ಕೊಂದು ಮಿತಿಯೂ ಇದೆ. ಪದ ಪದ ಓದುವುದು ಅಂದರೆ ಪ್ರತಿ ಪದದಲ್ಲೂ ಗುಟ್ಟು ಹುಡುಕುವುದಲ್ಲ. ಪುಣೆಯ ಒಬ್ಬ ಹುಡುಗ "ಪಾಸಿಟಿವ್ಲಿ" ಅನ್ನುವ ಪದ ನೋಡಿ, ತನ್ನ ಕತೆಯಲ್ಲಿ ಯಾರೂ ಬೇಸರಪಟ್ಟಿರಲೇಬಾರದು ಅಂದುಕೊಂಡು, ನಿಜವಾಗಿ ನಡೆದ ವಿರೋಧವನ್ನೆಲ್ಲ ಅಳಿಸಿಬಿಟ್ಟಿದ್ದ. ಕತೆ ಸಪ್ಪೆಯಾಯಿತು. ಪ್ರಶ್ನೆ ಕೇಳಿದ್ದು ಕೊನೆಗೆ ಏನು ಒಳ್ಳೆಯದಾಯಿತು ಅಂತ ಅಷ್ಟೇ. ಓದಿದ ಅರ್ಥ ನಿಮ್ಮ ಕತೆಯನ್ನು ಸುಳ್ಳಾಗಿಸಲು ಹೊರಟರೆ ಆ ಓದು ತಪ್ಪಿದೆ ಅಂತ ತಿಳಿಯಿರಿ. ಪ್ರಶ್ನೆಯ ಪದ, ಅದರ ಕೆಳಗಿನ ಟಿಪ್ಪಣಿ, ಕೇಳುವವರ ಉದ್ದೇಶ, ಈ ಮೂರರಲ್ಲಿ ಎಲ್ಲೂ ಆಧಾರ ಸಿಗದ ಅರ್ಥವನ್ನು ಬಿಟ್ಟುಬಿಡಿ.

ಸಂಜೆ ಆರು ಗಂಟೆ ಆಗಿತ್ತು. ಹಾಳೆ ಪೂರ್ತಿ ಗೆರೆ, ಬಾಣ, ಚಹಾದ ಒಂದು ಕಲೆ. ಅವಳು ಲ್ಯಾಪ್‌ಟಾಪ್ ತೆರೆದಳು. ಹಳೆಯ ಫೈಲನ್ನು ಮುಟ್ಟದೆ ಹೊಸದೊಂದನ್ನು ತೆಗೆದು, ಹಾಳೆಯನ್ನು ಪರದೆಯ ಪಕ್ಕ ನಿಲ್ಲಿಸಿಕೊಂಡಳು. ಮೊದಲ ಸಾಲು ಬರೆದು ನನಗೆ ತೋರಿಸಿದಳು. ತಾರಸಿಯ ಟ್ಯಾಂಕಿಗೆ ಕೋಲು ಇಳಿಸಿದಾಗ ಆರೂವರೆಗೆ ನೀರು ನಾಲ್ಕು ಅಡಿ ಇತ್ತು, ಏಳಕ್ಕೆ ಎರಡಡಿಯೂ ಇರಲಿಲ್ಲ ಅಂತ ಅದರಲ್ಲಿತ್ತು.